ನಿಮಿಷಕ್ಕೆ ಮೂರು ಸಾಲು

ಐಎಎಸ್, ಕೆಎಎಸ್ ಮುಖ್ಯ ಪರೀಕ್ಷೆಗೆ ಕನ್ನಡದಲ್ಲಿ ಬರೆಯಲು ತಯಾರಾಗುತ್ತಿರುವ ಹುಡುಗ ಹುಡುಗಿಯರ ಮುಂದೆ ರಾಯಚೂರಿನಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಹರಟೆ ತೆಗೆದಿದ್ದೇನೆ, ಕೊನೆಯಲ್ಲಿ ಬಂದ ಒಂದೆರಡು ಪ್ರಶ್ನೆ ಮಾತ್ರ ಉಳಿಸಿಕೊಂಡಿದ್ದೇನೆ.

ಮೊದಲು ಲೆಕ್ಕ ನೋಡೋಣ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನದ ಒಂದು ಪತ್ರಿಕೆಗೆ 3 ಗಂಟೆ, 20 ಪ್ರಶ್ನೆ, 250 ಅಂಕ. ಈಗಿನ ಮಾದರಿಯಲ್ಲಿ 10 ಅಂಕದ 10 ಪ್ರಶ್ನೆ, 15 ಅಂಕದ 10 ಪ್ರಶ್ನೆ. ಮೊದಲನೆಯದಕ್ಕೆ 150 ಪದದ ಮಿತಿ, ಎರಡನೆಯದಕ್ಕೆ 250. ಸಣ್ಣದಕ್ಕೆ 7 ನಿಮಿಷ, ದೊಡ್ಡದಕ್ಕೆ 11 ನಿಮಿಷ ಅಂತ ಹಂಚಿದರೆ 180 ನಿಮಿಷ ಸರಿಯಾಗಿ ಮುಗಿಯುತ್ತದೆ, ಒಂದು ನಿಮಿಷವೂ ಉಳಿಯುವುದಿಲ್ಲ. ಪ್ರಶ್ನೆ ಓದುವುದು, ಯೋಚಿಸುವುದು, ಹಾಳೆ ತಿರುಗಿಸುವುದು, ನೀರು ಕುಡಿಯುವುದು ಎಲ್ಲಾ ಇದರೊಳಗೇ. ಹಾಗಾಗಿ ನಿಜವಾಗಿ ಪೆನ್ನು ಓಡುವ ಸಮಯ ಇದಕ್ಕಿಂತ ಕಡಿಮೆ.

ಇಷ್ಟು ಹೇಳಿದ ಕೂಡಲೇ ಎಲ್ಲರೂ ‘ಸ್ಪೀಡ್ ಜಾಸ್ತಿ ಮಾಡಬೇಕು’ ಅನ್ನುತ್ತಾರೆ. ಮಾಡಿ, ಆದರೆ ಯಾವುದರ ಸ್ಪೀಡ್? ಉತ್ತರ ನಿಧಾನವಾಗುವುದಕ್ಕೆ ಎರಡು ಕಾರಣ ಇರಬಹುದು. ತಲೆಗೆ ಏನು ಬರೆಯಬೇಕು ಅಂತ ಹೊಳೆಯುತ್ತಿಲ್ಲ, ಅಥವಾ ಹೊಳೆದದ್ದನ್ನು ಕೈ ಅಷ್ಟು ಬೇಗ ಇಳಿಸುತ್ತಿಲ್ಲ. ಪರೀಕ್ಷಾ ಹಾಲ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಕೊನೆಯ ನಾಲ್ಕು ಪ್ರಶ್ನೆ ಉಳಿದುಹೋಗುತ್ತವೆ ಅಷ್ಟೇ. ಮದ್ದು ಮಾತ್ರ ಬೇರೆ ಬೇರೆ. ಕೈ ನಿಧಾನ ಇರುವವನು ಇನ್ನೂ ಮೂರು ಪುಸ್ತಕ ಓದಿದರೆ ಏನೂ ಆಗುವುದಿಲ್ಲ, ಬರೆಯಬೇಕು ಅಂತ ಅನಿಸುವ ವಿಷಯ ಇನ್ನಷ್ಟು ಜಾಸ್ತಿಯಾಗಿ ಮತ್ತೂ ತಡವಾಗುತ್ತದೆ.

ಅದಕ್ಕೇ ನಾನು ನಕಲು ಮಾಡಿಸುತ್ತೇನೆ. ಹೌದು, ಸುಮ್ನೆ ನೋಡಿ ಬರೆಯುವುದು. ಎದುರಿಗೆ ತಯಾರಾದ ಉತ್ತರ ಇದ್ದಾಗ ತಲೆಗೆ ಕೆಲಸ ಇಲ್ಲ, ಕೈ ಒಂದೇ ಓಡುತ್ತದೆ. ಆ ವೇಗವೇ ನಿಮ್ಮ ಕೈಯ ಗರಿಷ್ಠ. ಯೋಚಿಸುತ್ತಾ ಬರೆಯುವಾಗ ಅದನ್ನು ಯಾರೂ ದಾಟಲಾರರು, ಅದರ ಹತ್ತಿರ ಬರಬಹುದು ಅಷ್ಟೇ. ನೋಡಿಕೊಂಡು ಬರೆದರೂ ಸಮಯ ಸಾಲುತ್ತಿಲ್ಲ ಅಂದರೆ ಮೊದಲ ಕೆಲಸ ಕೈಯದು, ಅಲ್ವಾ?

ಯಾವ ಉತ್ತರವನ್ನು ನಕಲು ಮಾಡಬೇಕು ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ನೋಟ್ಸ್‌ನಲ್ಲಿ ಬರುವ ಮಾದರಿ ಉತ್ತರಗಳು ಪರೀಕ್ಷೆಗೆ ಬೇಕಾದ್ದರ ಎರಡರಷ್ಟು ಉದ್ದ ಇರುತ್ತವೆ. ಅದನ್ನು ಇಟ್ಟುಕೊಂಡು ಗಡಿಯಾರ ನೋಡಿದರೆ ನೀವು ಯಾವತ್ತೂ ಬರೆಯದ ಒಂದು ಉತ್ತರಕ್ಕೆ ತರಬೇತಿ ಮಾಡಿದ ಹಾಗೆ. ಮೊದಲು ಕತ್ತರಿಸಬೇಕು. ಒಂದು ಹಳೆಯ ಪ್ರಶ್ನೆ ತೆಗೆದುಕೊಂಡು ತೋರಿಸುತ್ತೇನೆ, ನಮ್ಮ ಭಾಗದ್ದೇ ಇರಲಿ.

2016ರ ಸಾಮಾನ್ಯ ಅಧ್ಯಯನದ ಮೊದಲ ಪತ್ರಿಕೆಯಲ್ಲಿ ಕೃಷ್ಣದೇವರಾಯನ ಮೇಲೆ ಪ್ರಶ್ನೆ ಬಂದಿತ್ತು. ಆತ ತಾನೇ ವಿದ್ವಾಂಸನಾಗಿದ್ದ, ಜೊತೆಗೆ ವಿದ್ಯೆಗೂ ಸಾಹಿತ್ಯಕ್ಕೂ ದೊಡ್ಡ ಪೋಷಕನಾಗಿದ್ದ, ಚರ್ಚಿಸಿ ಅಂತ. ಆಗಿನ ಮಾದರಿ ಬೇರೆ ಇತ್ತು, 20 ಪ್ರಶ್ನೆಗೂ ತಲಾ 12.5 ಅಂಕ, 200 ಪದ. ಅಂದರೆ ಒಂದಕ್ಕೆ 9 ನಿಮಿಷ. ಓದಿ ಯೋಚಿಸಲು 1 ನಿಮಿಷ ಕೊಟ್ಟರೆ ಬರೆಯಲು 8.

200 ಪದ ಅನ್ನುವುದು ಮಿತಿ, ಅಷ್ಟನ್ನು ತುಂಬಿಸಲೇಬೇಕು ಅಂತಲ್ಲ. ಕನ್ನಡದಲ್ಲಿ ವಿಭಕ್ತಿ ಎಲ್ಲಾ ಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷ್‌ನ 200 ಪದದಷ್ಟು ವಿಷಯ ನನ್ನ ಅಂದಾಜಿನಲ್ಲಿ ಸುಮಾರು 140 ಪದಕ್ಕೆ ಬರುತ್ತದೆ. ಆದರೆ ನಮ್ಮ ಪದಗಳು ಉದ್ದ, ಒತ್ತಕ್ಷರ ಬೇರೆ. ಹಾಗಾಗಿ ಪದ ಎಣಿಸಬೇಡಿ, ಸಾಲು ಎಣಿಸಿ. ಎ4 ಹಾಳೆಯಲ್ಲಿ ಎಡಗಡೆ ಅಂಚು ಬಿಟ್ಟು ಬರೆದರೆ ಒಂದು ಸಾಲಿಗೆ ಸುಮಾರು 6 ಪದ ಬೀಳುತ್ತದೆ. 140 ಪದ ಅಂದರೆ 24 ಸಾಲು ಇಟ್ಟುಕೊಳ್ಳಿ. 8 ನಿಮಿಷಕ್ಕೆ 24 ಸಾಲು, ನಿಮಿಷಕ್ಕೆ 3. ಇವತ್ತಿನ ಮಾತಿನಲ್ಲಿ ನೆನಪಿಡಬೇಕಾದ ಅಂಕಿ ಇದೊಂದೇ.

ಈಗ ಕತ್ತರಿಸುವ ಕೆಲಸ. ನೋಟ್ಸ್‌ನಲ್ಲಿ ಶುರುವಾಗುವುದು ಸಾಮಾನ್ಯವಾಗಿ ಹೀಗೆ: ‘ವಿಜಯನಗರ ಸಾಮ್ರಾಜ್ಯದ ಇತಿಹಾಸದಲ್ಲೇ ಅತ್ಯಂತ ಪ್ರಸಿದ್ಧನಾದ ಹಾಗೂ ತುಳುವ ಸಂತತಿಗೆ ಸೇರಿದ ಮಹಾನ್ ಚಕ್ರವರ್ತಿಯಾದ ಶ್ರೀಕೃಷ್ಣದೇವರಾಯನು 1509ರಿಂದ 1529ರವರೆಗೆ ಅತ್ಯಂತ ಸಮರ್ಥವಾಗಿ ಆಳ್ವಿಕೆ ನಡೆಸಿದನು.’ ಮೂರು ಸಾಲು, ಒಂದು ನಿಮಿಷ ಹೋಯಿತು, ಪ್ರಶ್ನೆಗೆ ಇನ್ನೂ ಬಂದೇ ಇಲ್ಲ. ಇದನ್ನೇ ಹೀಗೆ ಬರೆಯಬಹುದು: ‘ತುಳುವ ವಂಶದ ಕೃಷ್ಣದೇವರಾಯ (1509–1529) ಸ್ವತಃ ಕವಿ, ಕವಿಗಳ ಪೋಷಕ ಕೂಡ.’ ಒಂದೂವರೆ ಸಾಲು. ಪ್ರಶ್ನೆಯ ಎರಡು ಭಾಗವೂ ಇದರಲ್ಲೇ ಬಂತು.

ಆಮೇಲೆ ಎರಡು ಉಪಶೀರ್ಷಿಕೆ. ‘ಸ್ವತಃ ವಿದ್ವಾಂಸ’ ಅನ್ನುವುದರ ಕೆಳಗೆ ತೆಲುಗಿನಲ್ಲಿ ಆಮುಕ್ತಮಾಲ್ಯದ, ಸಂಸ್ಕೃತದಲ್ಲಿ ಜಾಂಬವತೀ ಕಲ್ಯಾಣ ನಾಟಕ, ಪ್ರತಿಯೊಂದರ ಬಗ್ಗೆ ಒಂದು ವಾಕ್ಯ. ‘ಸಾಹಿತ್ಯ ಪೋಷಕ’ ಅನ್ನುವುದರ ಕೆಳಗೆ ಅಷ್ಟದಿಗ್ಗಜರು, ಅವರಲ್ಲಿ ಅಲ್ಲಸಾನಿ ಪೆದ್ದನ. ಕುಮಾರವ್ಯಾಸ ಉಳಿಸಿದ್ದ ಭಾರತದ ಪರ್ವಗಳನ್ನು ಕನ್ನಡದಲ್ಲಿ ಪೂರ್ತಿ ಮಾಡಿದ ತಿಮ್ಮಣ್ಣ ಕವಿ. ಆಸ್ಥಾನದ ಗೌರವ ಪಡೆದ ವ್ಯಾಸತೀರ್ಥರು. ಕೊನೆಗೆ ತೆಲುಗು, ಕನ್ನಡ, ಸಂಸ್ಕೃತ ಮೂರಕ್ಕೂ ಒಂದೇ ಆಸ್ಥಾನದಲ್ಲಿ ಜಾಗ ಇತ್ತು ಅನ್ನುವ ಎರಡು ಸಾಲು. ಇಷ್ಟೇ.

ನಮ್ಮ ರಾಯಚೂರಿನವರು ಇಲ್ಲಿ ಒಂದು ಕೆಲಸ ಮಾಡುತ್ತಾರೆ, 1520ರ ರಾಯಚೂರು ಯುದ್ಧವನ್ನು ತಂದು ಐದು ಸಾಲು ತುಂಬಿಸುತ್ತಾರೆ. ಅಭಿಮಾನ ಇರಲಿ, ನನಗೂ ಇದೆ, ಕೋಟೆ ಕಣ್ಣೆದುರಿಗೇ ಇದೆಯಲ್ಲ. ಆದರೆ ಪ್ರಶ್ನೆ ಕೇಳಿದ್ದು ಸಾಹಿತ್ಯದ ಬಗ್ಗೆ. ಆ ಐದು ಸಾಲಿಗೆ ಅಂಕ ಇಲ್ಲ, ಹೋಗುವುದು ಮಾತ್ರ ಒಂದೂ ಮುಕ್ಕಾಲು ನಿಮಿಷ.

ಹೀಗೆ 24 ಸಾಲಿಗೆ ಇಳಿಸಿದ ಉತ್ತರವನ್ನು ನಿಮ್ಮ ಕೈಬರಹದಲ್ಲೇ ಒಮ್ಮೆ ನಿಧಾನವಾಗಿ, ನಿಮಗೆ ಒಪ್ಪುವಷ್ಟು ಚೆಂದವಾಗಿ ಬರೆದಿಟ್ಟುಕೊಳ್ಳಿ. ಅದೇ ಮೂಲ ಪ್ರತಿ. ಅದನ್ನು ಎಡಗಡೆ ಇಟ್ಟು ಬಲಗಡೆ ಹೊಸ ಹಾಳೆಯಲ್ಲಿ ಗಡಿಯಾರದ ಜೊತೆ ನಕಲು ಶುರು ಮಾಡಿ.

ಇಲ್ಲಿ ಎರಡು ವಿಷಯ. ಪದ ಪದ ನೋಡಿ ಬರೆಯಬೇಡಿ. ಒಂದು ವಾಕ್ಯ ಪೂರ್ತಿ ಓದಿ, ಮನಸ್ಸಿನಲ್ಲಿ ಹಿಡಿದು, ತಲೆ ಎತ್ತದೆ ಬರೆದು ಮುಗಿಸಿ, ಆಮೇಲೆ ಮುಂದಿನದ್ದು ನೋಡಿ. ಪದಕ್ಕೊಮ್ಮೆ ಕಣ್ಣು ಹೋಗಿ ಬಂದರೆ ನೀವು ಅಳೆಯುತ್ತಿರುವುದು ಕುತ್ತಿಗೆಯ ವೇಗ, ಕೈಯದ್ದಲ್ಲ. ಎರಡನೆಯದು, ಮೊಬೈಲ್‌ನಲ್ಲಿ ನಿಮಿಷಕ್ಕೊಮ್ಮೆ ಸಣ್ಣ ಸದ್ದು ಬರುವ ಹಾಗೆ ಇಟ್ಟುಕೊಳ್ಳಿ. ಸದ್ದು ಬಂದಾಗ ಪೆನ್ನು ಎಲ್ಲಿದೆಯೋ ಅಲ್ಲೇ ಒಂದು ಓರೆ ಗೀಟು ಎಳೆದು ಮುಂದಕ್ಕೆ ಹೋಗಿ. ಅಂದ ಕೆಡುತ್ತದೆ ಅಂತ ಯೋಚನೆ ಬೇಡ, ಇದು ಅಭ್ಯಾಸದ ಹಾಳೆ. ಮುಗಿದ ಮೇಲೆ ಆ ಗೀಟುಗಳ ನಡುವೆ ಎಷ್ಟೆಷ್ಟು ಸಾಲು ಬಿದ್ದಿದೆ ಅಂತ ಅಂಚಿನಲ್ಲಿ ಬರೆಯಿರಿ. ಒಟ್ಟು ಸಮಯ ಎಷ್ಟಾಯಿತು ಅನ್ನುವುದಕ್ಕಿಂತ ಈ ಗೀಟುಗಳು ಹೇಳುವುದು ಜಾಸ್ತಿ.

ಮಾನ್ವಿ ಕಡೆಯ ಒಬ್ಬ ಹುಡುಗಿ ಹತ್ತಿರ ಇದೇ ಉತ್ತರ ನಕಲು ಮಾಡಿಸಿದಾಗ 24 ಸಾಲಿಗೆ 11 ನಿಮಿಷ ಹಿಡಿಯಿತು. ಬರೀ ಅಷ್ಟನ್ನು ನೋಡಿದರೆ ‘ನಿಧಾನ’ ಅಂತ ಹೇಳಿ ಬಿಡಬಹುದಿತ್ತು. ಗೀಟು ನೋಡಿದರೆ ಮೊದಲ ಎರಡು ನಿಮಿಷ ಮೂರು ಮೂರು ಸಾಲು, ಮೂರನೆಯದಕ್ಕೆ ಎರಡೂವರೆ, ಆಮೇಲೆ ಎರಡಕ್ಕೆ ಇಳಿದು ಅಲ್ಲೇ ನಿಂತಿತ್ತು, ಕೊನೆಯ ನಿಮಿಷ ಒಂದೂವರೆ. ಅಂದರೆ ಈ ಕೈಗೆ 3 ಸಾಲಿನ ವೇಗ ಬರುತ್ತದೆ, ಆದರೆ ನಿಲ್ಲುವುದಿಲ್ಲ. ಕೇಳಿದರೆ, ‘ಕೈ ಹಿಡಕೊಳ್ತದ್ರಿ ಸರ್, ಬೆರಳು ಬಿಡಂಗೇ ಇಲ್ಲ’ ಅಂದಳು. ಹಾಳೆ ಹಿಂದೆ ತಿರುಗಿಸಿ ಬೆರಳಾಡಿಸಿದೆ. ಪ್ರತಿ ಅಕ್ಷರವೂ ಉಬ್ಬಿಕೊಂಡು ಕೈಗೆ ತಾಗುತ್ತಿತ್ತು. ತೋರುಬೆರಳ ತುದಿ ಬೆಳ್ಳಗಾಗಿತ್ತು, ಗೆಣ್ಣು ಒಳಕ್ಕೆ ಮುರಿದ ಹಾಗೆ ಬಾಗಿತ್ತು.

ಒತ್ತಿ ಬರೆಯುವುದು ಚಿಕ್ಕಂದಿನ ರೂಢಿ, ಅಕ್ಷರ ದಪ್ಪ ಕಾಣಲಿ ಅಂತ ಮಾಡುತ್ತೇವೆ. ಅವಳಿಗೆ ಹೇಳಿದ್ದು ಮೂರೇ ಬದಲಾವಣೆ. ಸ್ವಲ್ಪ ದಪ್ಪ ಮೈಯ, ತಾನೇ ಜಾರುವ ಪೆನ್ನು. ಹಿಡಿತ ಮೊನೆಯಿಂದ ಒಂದು ಬೆರಳಗಲ ಮೇಲಕ್ಕೆ. ಮುಂಗೈ ಪೂರ್ತಿ ಮೇಜಿನ ಮೇಲೆ, ಮೊಣಕೈ ಗಾಳಿಯಲ್ಲಿ ನೇತಾಡದ ಹಾಗೆ. ಅವಳು ಮನೆಯಲ್ಲಿ ಚಾಪೆ ಮೇಲೆ ಕೂತು ತೊಡೆ ಮೇಲೆ ಪ್ಯಾಡ್ ಇಟ್ಟು ಬರೆಯುತ್ತಿದ್ದಳು, ಅದನ್ನೂ ಬಿಡಿಸಿದೆ. ಪರೀಕ್ಷೆ ಬೆಂಚಿನ ಮೇಲೆ ಬರೆಯುವುದು, ಅಭ್ಯಾಸವೂ ಅಲ್ಲೇ ಆಗಬೇಕು. ಶುರುವಿನಲ್ಲಿ ಅವಳ ವೇಗ ಇನ್ನೂ ಕಡಿಮೆ ಆಯಿತು, ಅಕ್ಷರವೂ ಸೊಟ್ಟ. ಇದು ಎಲ್ಲರಿಗೂ ಆಗುತ್ತದೆ. ಹಿಡಿತ ಬದಲಾಯಿಸಿದ ಮೇಲೆ ಕೈ ಹೊಸದಕ್ಕೆ ಒಗ್ಗುವವರೆಗೆ ಗಡಿಯಾರ ಬೇಡ. ಕೆಲವು ವಾರ ಆದ ಮೇಲೆ ಬೇರೊಂದು 24 ಸಾಲಿನ ಉತ್ತರ ಕೊಟ್ಟು ನೋಡಿದಾಗ ಎಂಟೂವರೆ ನಿಮಿಷಕ್ಕೆ ಬಂತು. ಅದಕ್ಕಿಂತ ಮುಖ್ಯವಾಗಿ ಗೀಟುಗಳ ನಡುವಿನ ಅಂತರ ಮೊದಲಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ಇತ್ತು.

ಬೇರೊಂದು ಉತ್ತರ ಅಂದೆ, ಗಮನಿಸಿ. ಒಂದೇ ಉತ್ತರವನ್ನು ಎರಡು ಮೂರು ಸಲಕ್ಕಿಂತ ಜಾಸ್ತಿ ನಕಲು ಮಾಡಿದರೆ ಅದು ಬಾಯಿಪಾಠ ಆಗುತ್ತದೆ. ಸಮಯ ಚೆನ್ನಾಗಿ ಬರುತ್ತದೆ, ಖುಷಿಯೂ ಆಗುತ್ತದೆ, ಆದರೆ ಆ ಸಮಯಕ್ಕೆ ಬೆಲೆ ಇಲ್ಲ. ಅಳತೆ ಯಾವಾಗಲೂ ಹೊಸ ಉತ್ತರದ ಮೇಲೆ.

ಕೆಲವರ ಗೀಟುಗಳು ಇನ್ನೊಂದು ಥರ ಬೀಳುತ್ತವೆ. ಮೂರು ಸಾಲು, ಒಂದು, ಮೂರು, ಒಂದೂವರೆ, ಹೀಗೆ ಏರುಪೇರು. ಇವರ ಕೈಗೆ ಏನೂ ಆಗಿಲ್ಲ. ಕಡಿಮೆ ಬಿದ್ದ ನಿಮಿಷದಲ್ಲಿ ಯಾವ ಪದ ಇತ್ತು ನೋಡಿ, ಅಲ್ಲಿ ‘ಅಷ್ಟದಿಗ್ಗಜರು’ ಇರುತ್ತದೆ, ‘ಜಾಂಬವತೀ’ ಇರುತ್ತದೆ. ಕಾಗುಣಿತ ಗಟ್ಟಿ ಇಲ್ಲದ ಕಡೆ ಕೈ ನಿಂತು ಕಣ್ಣು ಮತ್ತೆ ಮೂಲಕ್ಕೆ ಓಡಿರುತ್ತದೆ. ಅಂಥ ಪದಗಳನ್ನು ಬೇರೆ ತೆಗೆದು ಹತ್ತತ್ತು ಸಲ ಬರೆದರೆ ಸಾಕು. ಇಡೀ ಉತ್ತರವನ್ನು ಮತ್ತೆ ಮತ್ತೆ ಬರೆಯುವ ಶಿಕ್ಷೆ ಯಾಕೆ?

ಇನ್ನು ಅಂದದ ವಿಷಯ. ಮೌಲ್ಯಮಾಪಕರಿಗೆ ಮುತ್ತಿನಂಥ ಅಕ್ಷರ ಬೇಕಾಗಿಲ್ಲ, ತಡವರಿಸದೆ ಓದಲು ಬಂದರೆ ಸಾಕು. ವೇಗ ಏರಿದಾಗ ಕನ್ನಡದಲ್ಲಿ ಕೆಡುವುದು ಎಲ್ಲಾ ಅಕ್ಷರ ಅಲ್ಲ, ಕೆಲವೇ. ‘ಮ’ ಮತ್ತು ‘ವು’ ಒಂದೇ ಆಗುತ್ತವೆ. ‘ದ’, ‘ಧ’, ‘ಥ’ ಮೂರಕ್ಕೂ ಒಂದೇ ರೂಪ ಬರುತ್ತದೆ, ಹೊಟ್ಟೆಯೊಳಗಿನ ಚುಕ್ಕೆ, ಕೆಳಗಿನ ಸೀಳು ಎರಡೂ ಮಾಯ. ತಲೆಕಟ್ಟು ಹಾರಿಹೋಗುತ್ತದೆ. ದೀರ್ಘ ಬಿಟ್ಟುಹೋಗುತ್ತದೆ. ಎಲ್ಲಕ್ಕಿಂತ ತೊಂದರೆ ಕೊಡುವುದು ಒತ್ತಕ್ಷರ. ‘ರಾಷ್ಟ್ರ’ ಬರೆದರೆ ಷ ಕೆಳಗೆ ಟ, ಅದರ ಜೊತೆ ರ, ಎರಡು ಒತ್ತು ಕೆಳಕ್ಕೆ ಇಳಿಯುತ್ತವೆ. ಸಾಲುಗಳು ಒತ್ತೊತ್ತಾಗಿದ್ದರೆ ಅವು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಕೂರುತ್ತವೆ, ಆಗ ಪುಟ ಪೂರ್ತಿ ಗೀಚಿದ ಹಾಗೆ ಕಾಣುತ್ತದೆ. ನಿಜವಾಗಿ ಅಕ್ಷರ ಕೆಟ್ಟಿರುವುದೇ ಇಲ್ಲ, ಸಾಲಿನ ಅಂತರ ಸಾಲದೆ ಇರುತ್ತದೆ. ಎ4 ಪುಟಕ್ಕೆ 16–18 ಸಾಲು ಮಾತ್ರ ಬರುವ ಹಾಗೆ ಬಿಡಿಸಿ ಬರೆಯಿರಿ, ಒತ್ತನ್ನು ಮೇಲಿನ ಅಕ್ಷರದ ಅರ್ಧದಷ್ಟು ಗಾತ್ರಕ್ಕೆ ಇಳಿಸಿ. ಎಷ್ಟೋ ಜನರಿಗೆ ಇದೊಂದರಿಂದಲೇ ಪುಟ ಸರಿಹೋಗುತ್ತದೆ.

ನಿಮ್ಮ ಕೆಡುವ ಅಕ್ಷರ ಯಾವುದು ಅಂತ ನಿಮಗೆ ಗೊತ್ತಾಗುವುದಿಲ್ಲ, ಬರೆದದ್ದು ಏನು ಅಂತ ಮೊದಲೇ ಗೊತ್ತಿರುತ್ತದಲ್ಲ. ವೇಗವಾಗಿ ಬರೆದ ಹಾಳೆಯನ್ನು ಮನೆಯಲ್ಲಿ ತಮ್ಮನಿಗೋ ತಂಗಿಗೋ ಕೊಟ್ಟು ಜೋರಾಗಿ ಓದಿಸಿ. ಎಲ್ಲಿ ತಡೆದರೋ ಅಲ್ಲಿ ಸುತ್ತು ಹಾಕಿ. ನಾಲ್ಕೈದು ಹಾಳೆ ಆಗುವಷ್ಟರಲ್ಲಿ ಅದೇ ಮೂರು ನಾಲ್ಕು ಅಕ್ಷರಕ್ಕೆ ಸುತ್ತು ಬೀಳುತ್ತಿರುವುದು ಕಾಣುತ್ತದೆ. ಅವನ್ನಷ್ಟೇ ತಿದ್ದಿ. ಕಾಪಿ ಪುಸ್ತಕ ತಂದು ಅ ಆ ಇ ಈ ಇಂದ ಶುರು ಮಾಡುವ ವಯಸ್ಸು ಅಲ್ಲ ಇದು.

ಅಡಿಗೆರೆ ಬಗ್ಗೆ ಒಂದು ಮಾತು. ಸ್ಕೇಲು, ಎರಡನೇ ಪೆನ್ನು ಬೇಡವೇ ಬೇಡ. ಪೆನ್ನು ಇಟ್ಟು ಇನ್ನೊಂದು ತೆಗೆದು ಮುಚ್ಚಳ ಬಿಚ್ಚಿ ಗೆರೆ ಎಳೆಯುವುದಕ್ಕೆ ಉತ್ತರಕ್ಕೆ ಅರ್ಧ ನಿಮಿಷ ಅಂದರೂ 20 ಉತ್ತರಕ್ಕೆ 10 ನಿಮಿಷ, ಒಂದು ಪೂರ್ತಿ ಪ್ರಶ್ನೆ ಹೋಯಿತು. ಉತ್ತರ ಮುಗಿದ ಮೇಲೆ ಅದೇ ಪೆನ್ನಿನಿಂದ ಬರಿಗೈಯಲ್ಲಿ ಮೂರು ನಾಲ್ಕು ಪದಕ್ಕೆ ಗೆರೆ ಎಳೆಯಿರಿ. ತಪ್ಪಾದರೆ ಒಂದೇ ಅಡ್ಡ ಗೀಟು, ಹೊಸೆಯಬೇಡಿ. ಈ ಚಿಕ್ಕ ಕೆಲಸಗಳನ್ನೂ ನಕಲು ಮಾಡುವಾಗಲೇ 8 ನಿಮಿಷದೊಳಗೆ ಸೇರಿಸಿಕೊಳ್ಳಿ, ಪರೀಕ್ಷೆ ದಿನ ಹೊಸದಾಗಿ ಏನನ್ನೂ ಸೇರಿಸಬಾರದು.

ಬಿಸಿಲಿನ ಬಗ್ಗೆ ಇಲ್ಲಿ ಹೇಳದಿದ್ದರೆ ಹೇಗೆ? ನಮ್ಮೂರಲ್ಲಿ ಬೇಸಿಗೆ ಮಧ್ಯಾಹ್ನ ಬರೆದರೆ ಅಂಗೈ ಅಂಚು ಬೆವತು ಹಾಳೆಗೆ ಅಂಟುತ್ತದೆ. ಕೈ ಜಾರುವ ಬದಲು ಎತ್ತಿ ಎತ್ತಿ ಇಡಬೇಕಾಗುತ್ತದೆ, ಒದ್ದೆ ಆದ ಜಾಗದಲ್ಲಿ ಶಾಯಿ ಹರಡುತ್ತದೆ. ಕೈ ಕೆಳಗೆ ಮಡಚಿದ ಕರವಸ್ತ್ರ ಇಟ್ಟುಕೊಳ್ಳಿ. ಜೆಲ್ ಪೆನ್ನು ಹಗುರವಾಗಿ ಓಡುತ್ತದೆ ನಿಜ, ಆದರೆ ಬೆವರಿಗೆ ಬೇಗ ಕಲೆಯಾಗುತ್ತದೆ. ನಿಮ್ಮ ಪೆನ್ನಿನಲ್ಲಿ ಒಂದು ಸಾಲು ಬರೆದು ಐದು ಎಣಿಸಿ ಒದ್ದೆ ಬೆರಳಿನಿಂದ ಉಜ್ಜಿ ನೋಡಿ, ಹರಡಿದರೆ ಬಾಲ್ ಪೆನ್ನಿಗೆ ಹೋಗಿ.

ನಕಲಿನಲ್ಲಿ ನಿಮಿಷಕ್ಕೆ 3 ಸಾಲು ನಿಂತ ಮೇಲೆ ಅಲ್ಲೇ ಕೂರಬೇಡಿ. ಮುಂದಿನ ಮೆಟ್ಟಿಲು, ಉತ್ತರ ಒಮ್ಮೆ ಓದಿ ಮುಚ್ಚಿಟ್ಟು ಬರೆಯುವುದು. ಅದರ ಮುಂದಿನದು, ಬರೀ ಹಳೆಯ ಪ್ರಶ್ನೆ, ಒಂದು ನಿಮಿಷ ಯೋಚನೆ, ಎಂಟು ನಿಮಿಷ ಬರವಣಿಗೆ, ಅದೇ ಗೀಟುಗಳ ಜೊತೆ. ಈಗ ಎರಡು ಹಾಳೆಯನ್ನು ಪಕ್ಕಪಕ್ಕ ಇಡಿ. ನಕಲಿನಲ್ಲಿ 3 ಸಾಲು, ಸ್ವಂತದಲ್ಲಿ ಎರಡೂವರೆ ಇದ್ದರೆ ಸರಿಯಾದ ದಾರಿಯಲ್ಲಿದ್ದೀರಿ, ಆ ಅರ್ಧ ಸಾಲಿನ ಕೊರತೆಗೆ ಉತ್ತರವನ್ನು 20 ಸಾಲಿಗೆ ಇಳಿಸಿಕೊಳ್ಳಿ. ನಕಲಿನಲ್ಲಿ 3 ಇದ್ದು ಸ್ವಂತದಲ್ಲಿ ಒಂದೂವರೆ ಬಂದರೆ ಇನ್ನು ನಕಲು ಮಾಡಿ ಪ್ರಯೋಜನ ಇಲ್ಲ. ಕೈ ತಯಾರಿದೆ, ವಿಷಯ ತಯಾರಿಲ್ಲ. ಪೆನ್ನು ಕೆಳಗಿಟ್ಟು ಪುಸ್ತಕ ತೆಗೆಯಿರಿ.

ಉದ್ದದ ಅಭ್ಯಾಸ ಕೊನೆಗೆ. ನಾಲ್ಕು ಉತ್ತರ ನಿಲ್ಲಿಸದೆ, ಆಮೇಲೆ ಒಂದೂವರೆ ಗಂಟೆಗೆ ಹತ್ತು, ಆಮೇಲೆ ಪೂರ್ತಿ 3 ಗಂಟೆ. ಪರೀಕ್ಷೆಯಲ್ಲಿ ಬೆಳಿಗ್ಗೆ ಒಂದು ಪತ್ರಿಕೆ, ಮಧ್ಯಾಹ್ನ ಇನ್ನೊಂದು ಇರುವ ದಿನಗಳು ಬರುತ್ತವೆ, ಹಾಗಾಗಿ ಒಂದೆರಡು ಸಲವಾದರೂ ಒಂದೇ ದಿನ ಎರಡನ್ನೂ ಬರೆದು ನೋಡಿ. ಮಧ್ಯಾಹ್ನದ ಹಾಳೆಯ ಗೀಟುಗಳು ಬೆಳಿಗ್ಗೆಯದರ ಹತ್ತಿರ ಇರಬೇಕು. ಮುಂಗೈ ಸುಸ್ತಾಗುವುದು ಸಹಜ, ರಾತ್ರಿ ಮಲಗಿದರೆ ಹೋಗುತ್ತದೆ. ಬೆರಳು ಜೋಮು ಹಿಡಿದರೆ, ಜುಮುಜುಮು ಅಂದರೆ ಅದು ಸುಸ್ತಲ್ಲ. ಆವತ್ತೇ ನಿಲ್ಲಿಸಿ, ಮತ್ತೆ ಮತ್ತೆ ಆದರೆ ಡಾಕ್ಟರಿಗೆ ತೋರಿಸಿ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡು. ಒಬ್ಬರು ಕೇಳಿದರು, ‘ಸರ್, ಯುಪಿಎಸ್‌ಸಿ ಪ್ರಶ್ನೆ ಪತ್ರಿಕೆ ಇಂಗ್ಲಿಷು ಹಿಂದಿಯಾಗ ಬರ್ತದ, ನಾವು ಕನ್ನಡದಾಗ ಬರಿಯೋರು. ಅದನ್ನ ಮನಸಿನ್ಯಾಗ ಕನ್ನಡಕ್ಕ ತರೋ ಟೈಮ್ ಎಲ್ಲಿಂದ ತರ್ಬೇಕ್ರಿ?’ ಸರಿಯಾದ ಪ್ರಶ್ನೆ. ಅದಕ್ಕೇ ಅಭ್ಯಾಸದ ಹಾಳೆಯ ಮೇಲೆ ಪ್ರಶ್ನೆಯನ್ನು ಇಂಗ್ಲಿಷ್‌ನಲ್ಲೇ ಬರೆದಿಟ್ಟುಕೊಳ್ಳಿ, ಕನ್ನಡದಲ್ಲಿ ಅನುವಾದಿಸಿದ ಪ್ರಶ್ನೆ ಬೇಡ. ಓದುವ ಆ ಒಂದು ನಿಮಿಷದಲ್ಲಿ ಅನುವಾದವೂ ಸೇರಿರಬೇಕು. ಪಾರಿಭಾಷಿಕ ಪದಕ್ಕೆ ಕನ್ನಡದ ಜೊತೆ ಕಂಸದಲ್ಲಿ ಇಂಗ್ಲಿಷ್ ಪದ ಬರೆಯಲು ಆಯೋಗವೇ ಅವಕಾಶ ಕೊಟ್ಟಿದೆ. ಆದರೆ ಲಿಪಿ ಬದಲಾಯಿಸಿದ ಪ್ರತಿ ಸಲ ಕೈ ಒಂದು ಕ್ಷಣ ನಿಲ್ಲುತ್ತದೆ, ಹಾಗಾಗಿ ತೀರಾ ಬೇಕಾದ ಒಂದೆರಡಕ್ಕೆ ಮಾತ್ರ.

ಇನ್ನೊಬ್ಬ ಹುಡುಗ ಎಡಗೈಯವನು. ಬರೆದದ್ದರ ಮೇಲೇ ಕೈ ಹೋಗಿ ಎಲ್ಲಾ ಅಳಿಸಿಹೋಗುತ್ತದೆ ಅಂದ. ಅವನಿಗೆ ಹೇಳಿದ್ದು ಇಷ್ಟು. ಹಾಳೆಯ ಎಡಗಡೆಯ ಮೇಲ್ತುದಿ ಎತ್ತರಕ್ಕೆ ಬರುವಂತೆ ಇಡೀ ಹಾಳೆಯನ್ನು ಬಲಕ್ಕೆ ವಾಲಿಸು, ಪೆನ್ನನ್ನು ಮೊನೆಯಿಂದ ಸ್ವಲ್ಪ ದೂರ ಹಿಡಿ, ಕೈ ಸಾಲಿನ ಮೇಲೆ ಕೊಕ್ಕೆಯ ಹಾಗೆ ಬಾಗದೆ ಸಾಲಿನ ಕೆಳಗೆ ಇರಲಿ. ಬೇಗ ಒಣಗುವ ಬಾಲ್ ಪೆನ್ನೇ ಬೇಕು. ನಕಲು ಮಾಡುವಾಗ ಮೂಲ ಪ್ರತಿಯನ್ನು ಬಲಗಡೆ ಇಟ್ಟುಕೋ, ಎಡಗಡೆ ಇಟ್ಟರೆ ನಿನ್ನ ಕೈಯೇ ಅದಕ್ಕೆ ಅಡ್ಡ ಬರುತ್ತದೆ.